ಈ ಕಂಪನಿಯನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ?

2001ರ ಫೆಬ್ರವರಿ 5ರಂದು ಅಮೆರಿಕದ ಆರ್ಥರ್ ಆ್ಯಂಡರ್ಸನ್ ಎಂಬ ಆಡಿಟ್ ಸಂಸ್ಥೆಯ 14 ಪಾಲುದಾರರು ಸಭೆ ಸೇರಿದರು. ಕೆಲವರು ಎದುರಿಗಿದ್ದರು, ಕೆಲವರು ಫೋನಿನಲ್ಲಿ. ಮಾತಾಡಬೇಕಿದ್ದ ವಿಷಯ ಒಂದೇ: ಎನ್ರಾನ್ ಕಂಪನಿಯ ಲೆಕ್ಕಪರಿಶೋಧನೆಯನ್ನು ಮುಂದುವರಿಸುವುದೋ, ಬಿಡುವುದೋ. ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಯೋಜನೆಯ ಗದ್ದಲದಿಂದ ನಮಗೂ ಪರಿಚಿತವಾಗಿದ್ದ ಅದೇ ಎನ್ರಾನ್.

ಆಡಿಟ್ ಎಂದರೆ ಲೆಕ್ಕದ ಪುಸ್ತಕ ತೆರೆದ ಮೇಲೆ ಶುರುವಾಗುವ ಕೆಲಸ ಎಂದು ಹೊರಗಿನವರು ಭಾವಿಸುತ್ತಾರೆ. ಅದಕ್ಕೂ ಮೊದಲೇ ಒಂದು ತೀರ್ಮಾನ ಆಗಿರಬೇಕು. ಈ ಮಾಲೀಕರನ್ನು ನಂಬಬಹುದೆ? ಈ ವ್ಯವಹಾರ ಅರ್ಥವಾಗುವಷ್ಟು ಜನ, ಸಮಯ ನಮ್ಮಲ್ಲಿದೆಯೆ? ಇವರ ಮುಖ ನೋಡಿ ‘ಇದು ಸರಿಯಿಲ್ಲ’ ಎನ್ನುವ ಸ್ವಾತಂತ್ರ್ಯ ನಮಗಿದೆಯೆ? ಹೊಸ ಕ್ಲೈಂಟ್ ಬಂದಾಗ ಈ ಪ್ರಶ್ನೆಗಳನ್ನು ಕೇಳುವುದು ಸುಲಭ. ಹಳೆಯ ಕ್ಲೈಂಟ್ ವಿಷಯದಲ್ಲಿ ಪ್ರತಿವರ್ಷ ಕೇಳುವುದೇ ಕಷ್ಟ. ಅಷ್ಟು ಹೊತ್ತಿಗೆ ಸ್ನೇಹ ಬೆಳೆದಿರುತ್ತದೆ, ಫೀಸಿನ ಅಭ್ಯಾಸವೂ ಆಗಿರುತ್ತದೆ.

ಆ್ಯಂಡರ್ಸನ್ ಪಾಲುದಾರರು ಏನು ಮಾತಾಡಿದರು ಎಂಬುದು ಮರುದಿನ ಅವರಲ್ಲೊಬ್ಬರು ಬರೆದ ಇಮೇಲ್‌ನಿಂದ ಜಗತ್ತಿಗೆ ಗೊತ್ತಾಯಿತು. ಅದನ್ನು ಓದಿದರೆ, ಇವರು ಅಪಾಯ ಕಾಣದ ಕುರುಡರು ಎಂದು ಯಾರೂ ಹೇಳಲಾರರು. ಎನ್ರಾನ್ ತನ್ನ ದೀರ್ಘಾವಧಿ ಒಪ್ಪಂದಗಳಿಂದ ಮುಂದೆಂದೋ ಬರಬಹುದಾದ ಲಾಭವನ್ನು ಈಗಲೇ ಅಂದಾಜಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಅಂದಾಜು ಎಷ್ಟು ಸಡಿಲವೋ ಲಾಭವೂ ಅಷ್ಟೇ ಸಡಿಲ. ಇದು ಚರ್ಚೆಗೆ ಬಂತು. ಕಂಪನಿಯ ಇಡೀ ವ್ಯಾಪಾರ ಅದರ ಸಾಲಯೋಗ್ಯತೆಯ ರೇಟಿಂಗ್ ಮೇಲೆ ನಿಂತಿದೆ ಎಂಬುದೂ ಬಂತು. ಎಲ್ಲಕ್ಕಿಂತ ಗಂಭೀರವಾದದ್ದು ಆ್ಯಂಡ್ರೂ ಫಾಸ್ಟೋ ವಿಷಯ. ಎನ್ರಾನ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಅವರು ಎಲ್‌ಜೆಎಂ ಎಂಬ ಹೂಡಿಕೆ ಪಾಲುದಾರಿಕೆಗಳನ್ನೂ ನಡೆಸುತ್ತಿದ್ದರು. ಎನ್ರಾನ್ ತನ್ನ ಆಸ್ತಿಗಳನ್ನು ಅವಕ್ಕೆ ಮಾರುತ್ತಿತ್ತು. ಮಾರುವ ಕಡೆಯ ಅಧಿಕಾರಿ, ಕೊಳ್ಳುವ ಕಡೆಯ ಯಜಮಾನ ಇಬ್ಬರೂ ಒಬ್ಬರೇ. ಅದರಿಂದ ಅವರಿಗೆ 3 ಕೋಟಿ ಡಾಲರ್‌ಗೂ ಹೆಚ್ಚು ಸಿಕ್ಕಿತ್ತೆಂದು ನಂತರದ ತನಿಖೆ ಹೇಳಿತು. ಕಂಪನಿಯ ನಿರ್ದೇಶಕ ಮಂಡಳಿ 1999ರಲ್ಲೇ ತನ್ನ ನೀತಿಸಂಹಿತೆಯನ್ನು ಬದಿಗಿಟ್ಟು ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ನನಗೆ ಕೇಳಿದರೆ, ಕ್ಲೈಂಟ್‌ನ ಪ್ರಾಮಾಣಿಕತೆ ಅಳೆಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಫೀಸಿನ ಮಾತು ಬಂತು. 2000ದಲ್ಲಿ ಎನ್ರಾನ್‌ನಿಂದ ಆ್ಯಂಡರ್ಸನ್‌ಗೆ ಬಂದದ್ದು 5.2 ಕೋಟಿ ಡಾಲರ್. ಅದರಲ್ಲಿ ಆಡಿಟ್ ಫೀಸು ಸುಮಾರು 2.5 ಕೋಟಿ, ಮಿಕ್ಕಿದ್ದು ಸಲಹೆ ಮುಂತಾದ ಇತರ ಕೆಲಸಗಳದ್ದು. 1990ರ ದಶಕದಲ್ಲಿ ಎನ್ರಾನ್‌ನ ಆಂತರಿಕ ಲೆಕ್ಕಪರಿಶೋಧನೆಯನ್ನೂ ಈ ಸಂಸ್ಥೆಯೇ ವಹಿಸಿಕೊಂಡಿತ್ತು, ಅಂದರೆ ತಾನು ಮಾಡಿದ ಕೆಲಸವನ್ನು ತಾನೇ ಪರೀಕ್ಷಿಸುವ ಸ್ಥಿತಿ. ಈ ಆದಾಯ ವರ್ಷಕ್ಕೆ 10 ಕೋಟಿ ಡಾಲರ್ ಮುಟ್ಟಿದರೂ ಆಶ್ಚರ್ಯವಿಲ್ಲ ಎಂದು ಸಭೆ ಮಾತಾಡಿಕೊಂಡಿತು. ಮೊತ್ತ ದೊಡ್ಡದೆಂದು ಚಿಂತಿಸಬೇಕಿಲ್ಲ, ಯಾವ ಬಗೆಯ ಕೆಲಸಕ್ಕೆ ಬರುತ್ತದೆ ಎಂಬುದಷ್ಟೇ ಮುಖ್ಯ ಎಂದು ಸಮಾಧಾನ ಮಾಡಿಕೊಂಡಿತು. ವಾದ ಕೇಳಲು ಚೆನ್ನಾಗಿದೆ. ಆದರೆ ಒಂದು ಊರಿನ ಕಚೇರಿಯ ಗಳಿಕೆಯಲ್ಲಿ ದೊಡ್ಡ ಪಾಲು ಒಬ್ಬನೇ ಕ್ಲೈಂಟ್‌ನಿಂದ ಬರುವಾಗ, ಅವನನ್ನು ಕಳೆದುಕೊಳ್ಳುವ ಸಹಿ ಹಾಕಲು ಆ ಕಚೇರಿಯ ಪಾಲುದಾರನಿಗೆ ಕೈ ಏಳುವುದು ಸುಲಭವಲ್ಲ.

ತೀರ್ಮಾನ: ಇಟ್ಟುಕೊಳ್ಳೋಣ. ತಕ್ಕ ಜನ, ತಕ್ಕ ವ್ಯವಸ್ಥೆ ನಮ್ಮಲ್ಲಿದೆ ಎಂಬುದು ಕೊಟ್ಟ ಕಾರಣ. ಜೊತೆಗೆ ಮಾಡಬೇಕಾದ ಕೆಲಸಗಳ ಪಟ್ಟಿಯೂ ಆಯಿತು. ಎಲ್‌ಜೆಎಂ ವ್ಯವಹಾರಗಳು ನ್ಯಾಯವೇ ಎಂದು ನೋಡಲು ನಿರ್ದೇಶಕರ ವಿಶೇಷ ಸಮಿತಿ ಮಾಡಿ ಎಂದು ಎನ್ರಾನ್‌ಗೆ ಸೂಚಿಸುವುದು ಅದರಲ್ಲೊಂದು.

ಎಡವಿದ್ದು ಇಲ್ಲಿ. ಅಪಾಯವಿರುವ ಕ್ಲೈಂಟ್‌ನನ್ನು ಇಟ್ಟುಕೊಳ್ಳುವುದೇ ತಪ್ಪಲ್ಲ. ಅಪಾಯವಿಲ್ಲದ ಕಂಪನಿಗಳನ್ನಷ್ಟೇ ಒಪ್ಪುವುದಾದರೆ ಆಡಿಟರುಗಳ ಅಗತ್ಯವೇ ಇರದು. ಆದರೆ ‘ಇಂಥ ಷರತ್ತಿನ ಮೇಲೆ ಇಟ್ಟುಕೊಳ್ಳುತ್ತೇವೆ’ ಎಂದಾಗ ಆ ಷರತ್ತನ್ನು ಯಾರು, ಯಾವ ದಿನದೊಳಗೆ ಈಡೇರಿಸಬೇಕು, ಕ್ಲೈಂಟ್ ಒಪ್ಪದಿದ್ದರೆ ಏನು ಎಂಬುದೂ ಬರೆದಿರಬೇಕು. ಒಂದು ವಾರದಲ್ಲೇ, ಫೆಬ್ರವರಿ 12ರಂದು, ಎನ್ರಾನ್‌ನ ಆಡಿಟ್ ಸಮಿತಿ ಸಭೆ ನಡೆಯಿತು. ಆ್ಯಂಡರ್ಸನ್ನಿನವರು ಅಲ್ಲಿದ್ದರು. ವಿಶೇಷ ಸಮಿತಿಯ ಸೂಚನೆಯನ್ನು ಅವರು ಅಲ್ಲಿ ಮುಂದಿಟ್ಟದ್ದಕ್ಕೆ ತನಿಖೆಗಳಲ್ಲಿ ಆಧಾರ ಸಿಗಲಿಲ್ಲ. ಮುಂದಿನ ತಿಂಗಳು, ಎನ್ರಾನ್ ಲೆಕ್ಕಗಳಿಗೆ ತಕರಾರು ತೆಗೆಯುತ್ತಿದ್ದ ಆ್ಯಂಡರ್ಸನ್‌ನ ತಜ್ಞ ಕಾರ್ಲ್ ಬಾಸ್ ಅವರನ್ನು ಎನ್ರಾನ್‌ನ ಅಸಮಾಧಾನದ ಮೇರೆಗೆ ಆ ಕೆಲಸದಿಂದ ದೂರ ಸರಿಸಲಾಯಿತು. ತನ್ನ ಆಡಿಟರ್ ಯಾರಿರಬೇಕೆಂದು ಕ್ಲೈಂಟ್ ನಿರ್ಧರಿಸಲು ತೊಡಗಿದ ದಿನ, ಆ ಫೆಬ್ರವರಿಯ ತೀರ್ಮಾನವನ್ನು ಮತ್ತೆ ತೆರೆಯಬೇಕಿತ್ತು. ತೆರೆಯಲಿಲ್ಲ. ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ ಅರ್ಜಿ ಹಾಕಿತು. ಕಾಗದಪತ್ರ ನಾಶಪಡಿಸಿದ ಮೊಕದ್ದಮೆಯಲ್ಲಿ 2002ರಲ್ಲಿ ಆ್ಯಂಡರ್ಸನ್ ತಪ್ಪಿತಸ್ಥ ಎಂದಾಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡುವ ಹೊತ್ತಿಗೆ ಉಳಿಸಿಕೊಳ್ಳಲು ಸಂಸ್ಥೆಯೇ ಇರಲಿಲ್ಲ.

ನಮ್ಮಲ್ಲಿ ಕೆಲವು ಬಾಗಿಲುಗಳನ್ನು ಕಾನೂನೇ ಮುಚ್ಚಿದೆ. 2013ರ ಕಂಪನಿ ಕಾಯ್ದೆಯ 144ನೇ ಕಲಂ ಪ್ರಕಾರ ಆಡಿಟರ್ ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ, ಆಂತರಿಕ ಆಡಿಟ್ ಮಾಡುವಂತಿಲ್ಲ. ಹೊಸ ಕೆಲಸ ಒಪ್ಪುವ ಮುನ್ನ ಹಿಂದಿನ ಆಡಿಟರಿಗೆ ಲಿಖಿತವಾಗಿ ಪತ್ರ ಬರೆಯಲೇಬೇಕು. ಬರೆಯದಿದ್ದರೆ ಚಾರ್ಟರ್ಡ್ ಅಕೌಂಟೆಂಟರಿಗೆ ಅದು ವೃತ್ತಿ ದುರ್ನಡತೆ. ಈ ಪತ್ರವನ್ನು ಅನೇಕರು ‘ಎನ್‌ಒಸಿ’ ಎಂದು ಕರೆದು, ಕಡತದಲ್ಲಿ ಸೇರಿಸುವ ಚೀಟಿ ಮಾಡಿಬಿಟ್ಟಿದ್ದಾರೆ. ಅದು ಅನುಮತಿ ಕೇಳುವುದಲ್ಲ, ‘ನೀವೇಕೆ ಬಿಟ್ಟಿರಿ?’ ಎಂದು ವಿಚಾರಿಸುವುದು. ದಾವಣಗೆರೆಯ ಅಕ್ಕಿ ಗಿರಣಿಯೊಂದು ಆಗಸ್ಟ್ ಕೊನೆಯಲ್ಲಿ ಆಡಿಟರನ್ನು ಬದಲಿಸುತ್ತಿದೆ, ಹಳಬರ ಫೀಸು ಬಾಕಿ ಇದೆ, ದಾಸ್ತಾನಿನ ಪಟ್ಟಿ ‘ಆಮೇಲೆ ಕೊಡ್ತೀವಿ ಸಾರ್’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಭೇಟಿಯಲ್ಲೇ ಅರ್ಧ ಉತ್ತರ ಸಿಕ್ಕಂತೆ. ಮಿಕ್ಕರ್ಧ ಹಳಬರ ಉತ್ತರದಲ್ಲಿ ಇರುತ್ತದೆ, ಅಥವಾ ಅವರ ಮೌನದಲ್ಲಿ. ಮೌನವಾದರೆ ಫೋನ್ ಮಾಡಿ ಕೇಳಬೇಕು, ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್ ತರಿಸಿ ನೋಡಬೇಕು.

ಬಿಡುವವರಿಗೂ ನಿಯಮವಿದೆ. ರಾಜೀನಾಮೆ ಕೊಟ್ಟ ಆಡಿಟರ್ 30 ದಿನಗಳೊಳಗೆ ಎಡಿಟಿ-3 ನಮೂನೆಯಲ್ಲಿ ಕಾರಣ ಬರೆದು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. 2023ರ ಜೂನ್‌ನಲ್ಲಿ ಬೆಂಗಳೂರಿನ ಬೈಜೂಸ್‌ನಿಂದ ಡೆಲಾಯ್ಟ್ ಹೊರಬಂದಾಗ, 2022ರ ಮಾರ್ಚ್‌ಗೆ ಮುಗಿದ ವರ್ಷದ ಆಡಿಟನ್ನು ಇನ್ನೂ ಆರಂಭಿಸಲೇ ಆಗಿಲ್ಲ ಎಂದು ಬರೆದ ಪತ್ರ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದಿಂದ ಶುರುವಾಗುವ 5 ವರ್ಷದ ಅವಧಿಗೆ ಬಿಡಿಒ ಬಳಗದ ಎಂಎಸ್‌ಕೆಎ ಸಂಸ್ಥೆ ಆ ಕೆಲಸ ಒಪ್ಪಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ, ಆಡಳಿತದಿಂದ ಸಾಕಷ್ಟು ಸಹಕಾರ ಸಿಗುತ್ತಿಲ್ಲ ಎಂಬ ಕಾರಣ ಕೊಟ್ಟು ಅದೂ ಹೊರಬಂತು. ಕಂಪನಿ ಆ ಕಾರಣವನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಬೈಜೂಸ್ ದಿವಾಳಿ ಪ್ರಕ್ರಿಯೆಗೆ ಒಳಗಾಗಿತ್ತು.