ಹಳೆ ಸೀರೆಯೆಲ್ಲಾ ಕೌದಿಗೆ ಆಗುತ್ತದೆಯೇ?

ಕೊಟ್ಟೂರು, ಕೂಡ್ಲಿಗಿ ಕಡೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನತ್ತ ಕೈಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ತೀರಾ ಸವೆದದ್ದು ಒಳಪದರಕ್ಕೆ, ಗಟ್ಟಿಯಿದ್ದದ್ದು ಮೇಲಕ್ಕೆ. ಮೇಲಿನದು ಹರಿದರೆ ತೇಪೆ ಹಾಕಿದರಾಯಿತು.

ಆದರೆ ಇದು ಹತ್ತಿ ಬಟ್ಟೆಯ ಲೆಕ್ಕ. ಹತ್ತಿ ತೊಳೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ತಿಪ್ಪೆಗೆ ಎಸೆದರೂ ಹತ್ತಿಯಂತೆ ಬೇಗ ಕೊಳೆಯುವುದಿಲ್ಲ.

ಯಾವುದೆಂದು ತಿಳಿಯಲು ಬಟ್ಟೆಯಿಂದ ಉದ್ದದ ಒಂದು, ಅಡ್ಡದ ಒಂದು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ (ರೇಯಾನ್ ಕೂಡ ಹೀಗೇ ಉರಿಯುತ್ತದೆ). ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಒಂದೇ ಎಳೆಯಲ್ಲಿ ಎರಡೂ ಕಂಡರೆ ಮಿಶ್ರಣ. ಅದರ ನಾರುಗಳನ್ನು ಬೇರ್ಪಡಿಸುವುದು ಕಾರ್ಖಾನೆಗಳಿಗೂ ಕಷ್ಟ. ಅಂಥದ್ದನ್ನು ನಾವು ಸಂತೆಚೀಲಕ್ಕೆ ಬಳಸುತ್ತೇವೆ.