ಒತ್ತಿದ್ದು ಒಂದು ಸಲ, ಎಣಿಸಿದ್ದು ಕೋಟಿ ಸಲ

ಡಿಜಿಟಲ್ ಸರ್ಕ್ಯೂಟ್ ಕಲಿಸುವ ಲ್ಯಾಬಿನಲ್ಲಿ ನಾನು ಪ್ರತಿ ವರ್ಷ ಕೊಡುವ ಮೊದಲ ಕೆಲಸ ನೋಡಲು ತೀರ ಸಣ್ಣದು. ಎಫ್‌ಪಿಜಿಎ ಬೋರ್ಡಿನ ಮೇಲೆ ಒಂದು ಬಟನ್ ಇದೆ, ಪಕ್ಕದಲ್ಲಿ ಸಾಲಾಗಿ ಎಂಟು ಎಲ್‌ಇಡಿ ದೀಪಗಳಿವೆ. ಬಟನ್ ಒಂದು ಸಲ ಒತ್ತಿದರೆ ದೀಪಗಳು ತೋರಿಸುವ ಸಂಖ್ಯೆ ಒಂದು ಹೆಚ್ಚಬೇಕು, ಅಷ್ಟೆ. ವಿದ್ಯಾರ್ಥಿಗಳು ಹತ್ತು ನಿಮಿಷದಲ್ಲಿ ಕೌಂಟರ್ ಬರೆದು ಮುಗಿಸುತ್ತಾರೆ. ಒತ್ತಿ ನೋಡಿದರೆ ಎಂಟೂ ದೀಪ ಒಟ್ಟಿಗೆ ಮಂಕಾಗಿ ಹತ್ತಿಕೊಳ್ಳುತ್ತವೆ. ಬೆರಳು ತೆಗೆದ ಮೇಲೆ ಯಾವುದೋ ಸಂಖ್ಯೆಯಲ್ಲಿ ನಿಲ್ಲುತ್ತವೆ. ಒಮ್ಮೆ 37, ಇನ್ನೊಮ್ಮೆ 202. “ಸರ್, ಬೋರ್ಡ್ ಕೆಟ್ಟಿದೆ” ಎಂದು ಯಾರಾದರೊಬ್ಬರು ಬಂದೇ ಬರುತ್ತಾರೆ.

ಬೋರ್ಡ್ ಕೆಟ್ಟಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದೆ. ಅದರೊಳಗಿನ ಕ್ಲಾಕ್ ಸೆಕೆಂಡಿಗೆ 5 ಕೋಟಿ ಸಲ ಬಡಿಯುತ್ತದೆ, ಅಂದರೆ ಬಡಿತಕ್ಕೂ ಬಡಿತಕ್ಕೂ ನಡುವೆ ಇರುವುದು 20 ನ್ಯಾನೋಸೆಕೆಂಡ್. ಒಂದೊಂದು ಬಡಿತಕ್ಕೂ ಕೌಂಟರ್ ಬಟನ್ ಕಡೆ ನೋಡುತ್ತದೆ. ಅದು ಒತ್ತಿಕೊಂಡಿದ್ದರೆ ಒಂದು ಕೂಡಿಸುತ್ತದೆ. ನಾವು ಚುರುಕಾಗಿ ಒತ್ತಿ ಬಿಟ್ಟೆವೆಂದುಕೊಂಡರೂ ಬೆರಳು ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬಟನ್ ಮೇಲಿರಬಹುದು. ಅಷ್ಟರಲ್ಲಿ ಕ್ಲಾಕ್ ಬಡಿಯುವುದು 1 ಕೋಟಿ ಸಲ. ಎಂಟು ದೀಪಗಳ ಕೌಂಟರ್ 255ರ ಮೇಲೆ ಮತ್ತೆ 0ಗೆ ಬರುವುದರಿಂದ, ಆ ಕೋಟಿ ಎಣಿಕೆಯ ಕೊನೆಯಲ್ಲಿ ಎಲ್ಲಿ ನಿಂತಿತೋ ಅದೇ ನಮ್ಮ ಕಣ್ಣಿಗೆ ಕಾಣುವ ಸಂಖ್ಯೆ.

ಇಲ್ಲಿ ಆಗಿರುವ ತಪ್ಪನ್ನು ಹೇಳಲು ಕನ್ನಡದ ಕ್ರಿಯಾಪದವೇ ಸಾಕು. “ದೀಪ ಉರಿಯುತ್ತಿದೆ” ಎನ್ನುವುದು ಬೇರೆ, “ದೀಪ ಹತ್ತಿತು” ಎನ್ನುವುದು ಬೇರೆ. ಮೊದಲನೆಯದು ಇರುವ ಸ್ಥಿತಿ, ಸಂಜೆಯಿಡೀ ನಿಜ. ಎರಡನೆಯದು ನಡೆದ ಸಂಗತಿ, ಒಂದು ಕ್ಷಣಕ್ಕೆ ಮಾತ್ರ ನಿಜ. ಬಟನ್‌ನಿಂದ ಬರುವ ತಂತಿ ನಮಗೆ ಕೊಡುವುದು ಸ್ಥಿತಿಯನ್ನು: ಒತ್ತಿಕೊಂಡಿದೆ, ಒತ್ತಿಕೊಂಡಿದೆ, ಒತ್ತಿಕೊಂಡಿದೆ ಎಂದು ಕೋಟಿ ಸಲ. ಕೌಂಟರಿಗೆ ಬೇಕಿರುವುದು ಸಂಗತಿ, ‘ಒತ್ತಿದರು’ ಎಂಬ ಒಂದೇ ಮಾತು.

ಸ್ಥಿತಿಯಿಂದ ಸಂಗತಿಯನ್ನು ಬೇರ್ಪಡಿಸಲು ಒಂದು ಚೂರು ನೆನಪು ಬೇಕು. ಹಿಂದಿನ ಬಡಿತದಲ್ಲಿ ಬಟನ್ ಹೇಗಿತ್ತು ಎಂಬುದಷ್ಟೇ ತಿಳಿದಿದ್ದರೆ ಸಾಕು. ಆಗ ಇರಲಿಲ್ಲ, ಈಗ ಇದೆ ಎಂದಾದರೆ ನಡುವೆ ಯಾರೋ ಒತ್ತಿದ್ದಾರೆ. ಆ ನೆನಪಿಗೆ ಒಂದು ಬಿಟ್‌ನ ರಿಜಿಸ್ಟರ್ ಸಾಕು, ಅಂದರೆ ಒಂದು ಫ್ಲಿಪ್‌ಫ್ಲಾಪ್. ಪ್ರತಿ ಬಡಿತಕ್ಕೆ ಅದು ತನ್ನ ಬಾಗಿಲಲ್ಲಿರುವ 0 ಅಥವಾ 1 ಅನ್ನು ಒಳಗೆ ತೆಗೆದುಕೊಂಡು ಮುಂದಿನ ಬಡಿತದವರೆಗೆ ಹಿಡಿದುಕೊಳ್ಳುತ್ತದೆ. ‘ಈಗ ಇದೆ, ಆಗ ಇರಲಿಲ್ಲ’ ಎಂದು ಹೋಲಿಸಲು ಒಂದು ಆಂಡ್ ಗೇಟ್, ಅದರ ಒಂದು ಕಾಲಿಗೆ ತಲೆಕೆಳಗಾದ ಸಿಗ್ನಲ್. ವೆರಿಲಾಗ್ ಭಾಷೆಯಲ್ಲಿ ಬರೆದರೆ ಇಷ್ಟೇ:

```verilog
always @(posedge clk)
  prev <= btn;

assign pulse = btn & ~prev;
```

ಇದನ್ನು ಬಡಿತ ಬಡಿತವಾಗಿ ನಡೆಸಿ ನೋಡೋಣ. ಯಾರೂ ಮುಟ್ಟದಿರುವಾಗ `btn` 0, `prev` ಕೂಡ 0, ಆದ್ದರಿಂದ `pulse` 0. ಬಟನ್ ಒತ್ತಿದಾಗ `btn` 1 ಆಗುತ್ತದೆ, `prev` ಇನ್ನೂ ಹಳೆಯ 0 ಹಿಡಿದುಕೊಂಡಿದೆ. `pulse` ಈಗ 1. ಮುಂದಿನ ಬಡಿತ ಬೀಳುತ್ತಲೇ ಕೌಂಟರ್ ಒಂದು ಕೂಡಿಸುತ್ತದೆ, ಅದೇ ಬಡಿತಕ್ಕೆ `prev` ಕೂಡ 1 ಆಗಿಬಿಡುತ್ತದೆ. `pulse` ಮತ್ತೆ 0. ಬೆರಳು ಅಲ್ಲೇ ಕೋಟಿ ಬಡಿತ ಕೂತಿದ್ದರೂ ಎರಡೂ 1 ಆಗಿಯೇ ಇರುತ್ತವೆ, ಗೇಟ್ ಬಾಯಿ ಬಿಡುವುದಿಲ್ಲ. ಬೆರಳು ತೆಗೆದಾಗ `btn` 0 ಆಗುತ್ತದೆ, ಆಗಲೂ ಗೇಟ್ ಸುಮ್ಮನೆ. ಬಿಟ್ಟದ್ದನ್ನು ಹಿಡಿಯಬೇಕಿದ್ದರೆ ತಲೆಕೆಳಗು ಮಾಡುವ ಕಾಲನ್ನು ಬದಲಿಸಿ `~btn & prev` ಎಂದು ಬರೆದರಾಯಿತು.

ಈ ಪಲ್ಸ್ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಅದನ್ನೇ ಒಂದು ಎಲ್‌ಇಡಿಗೆ ಕೊಟ್ಟು, ದೀಪ ಹತ್ತಲೇ ಇಲ್ಲ ಎಂದು ಬೇಸರಪಡುವವರಿದ್ದಾರೆ. 20 ನ್ಯಾನೋಸೆಕೆಂಡಿನಲ್ಲಿ ಬೆಳಕು ಕೂಡ ಸಾಗುವುದು 6 ಮೀಟರ್ ಮಾತ್ರ. ಆ ಮಿಂಚು ಯಾವ ಕಣ್ಣಿಗೂ ಕಾಣುವುದಿಲ್ಲ. ಅದನ್ನು ನೋಡುವ ದಾರಿ ಕೌಂಟರೇ.

ಇಷ್ಟು ಮಾಡಿದ ಮೇಲೆ ದೀಪಗಳು ಎಣಿಸತೊಡಗುತ್ತವೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಒಮ್ಮೆ ಒತ್ತಿದರೆ ಕೆಲವು ಸಲ ಒಂದು, ಕೆಲವು ಸಲ ಮೂರೋ ನಾಲ್ಕೋ ಹೆಚ್ಚುತ್ತದೆ. ಎಲ್ಲೋ ಅಪರೂಪಕ್ಕೆ 7ರ ನಂತರ 8 ಬರುವ ಬದಲು 15 ಬರುತ್ತದೆ, ಇಲ್ಲವೇ 0. ಎರಡನ್ನೂ ಒಂದೇ ರೋಗವೆಂದು ತಿಳಿದು ಮದ್ದು ಹುಡುಕುವುದೇ ಇಲ್ಲಿ ಹೆಚ್ಚಿನವರು ಮಾಡುವ ತಪ್ಪು. ಅವು ಎರಡು ಬೇರೆ ರೋಗಗಳು.

ಅಪರೂಪದ್ದನ್ನೇ ಮೊದಲು ನೋಡೋಣ, ಏಕೆಂದರೆ ಅದೇ ಹೆಚ್ಚು ಅಪಾಯಕಾರಿ. ನಮ್ಮ ಬೆರಳಿಗೆ ಕ್ಲಾಕಿನ ತಾಳ ಗೊತ್ತಿಲ್ಲ. ಎರಡು ಬಡಿತಗಳ ನಡುವೆ 13 ನ್ಯಾನೋಸೆಕೆಂಡ್ ಕಳೆದಾಗ ಒತ್ತಿದೆವು ಎನ್ನಿ. ಗೇಟ್ ಕೂಡಲೇ 1 ಎನ್ನುತ್ತದೆ. ಇನ್ನು 7 ನ್ಯಾನೋಸೆಕೆಂಡಿಗೆ ಬಡಿತ ಬಿದ್ದು ಪಲ್ಸ್ ಮುಗಿಯುತ್ತದೆ. ಪೂರ್ತಿ ಒಂದು ಬಡಿತದಷ್ಟು ಅಗಲವಿರಬೇಕಾದ ಪಲ್ಸ್ ಮೂರನೇ ಒಂದು ಭಾಗಕ್ಕೆ ಕುಗ್ಗಿತು. 7 ನ್ಯಾನೋಸೆಕೆಂಡ್ ಆದರೆ ಹೇಗೋ ನಡೆದೀತು. ಬೆರಳು ಬಡಿತಕ್ಕೆ ತೀರ ಹತ್ತಿರ ಬಿದ್ದರೆ ಕಷ್ಟ. ಕೌಂಟರಿನಲ್ಲಿ ಎಂಟು ಫ್ಲಿಪ್‌ಫ್ಲಾಪ್‌ಗಳಿವೆ, ಚಿಪ್‌ನೊಳಗೆ ಗೇಟ್‌ನಿಂದ ಒಂದೊಂದಕ್ಕೂ ಇರುವ ತಂತಿಯ ಉದ್ದ ಒಂದೊಂದು. ಹತ್ತಿರದವು ಪಲ್ಸ್ ಕಂಡವು, ದೂರದವಕ್ಕೆ ಅದು ತಲುಪುವ ಮೊದಲೇ ಬಡಿತ ಬಿತ್ತು. 7 ಎಂದರೆ ಎರಡರ ಲೆಕ್ಕದಲ್ಲಿ 0111, 8 ಎಂದರೆ 1000. ನಾಲ್ಕೂ ಬಿಟ್ ಒಟ್ಟಿಗೆ ಬದಲಾಗಬೇಕು. ಎಡಗಡೆಯದೊಂದೇ ಬದಲಾದರೆ 1111, ಅಂದರೆ 15. ಬಲಗಡೆಯ ಮೂರು ಮಾತ್ರ ಬದಲಾದರೆ 0. ತಂತಿಗಳ ನಡುವಿನ ವ್ಯತ್ಯಾಸ 0.2 ನ್ಯಾನೋಸೆಕೆಂಡ್ ಇದ್ದರೂ 20ರಲ್ಲಿ ಅದು ನೂರನೇ ಒಂದು ಭಾಗ, ಅಂದರೆ ನೂರು ಸಲ ಒತ್ತಿದರೆ ಒಂದು ಸಲ ಆ ಸಂದಿಗೆ ಬೆರಳು ಬೀಳುವ ಸಂಭವವಿದೆ. ಈ ರೋಗದ ಗುರುತೂ ಅದೇ: ವಿರಳವಾಗಿ ಬರುತ್ತದೆ, ಹಲವು ಬಿಟ್ ಒಟ್ಟಿಗೆ ಬದಲಾಗುವ 7, 15, 31ರಂಥ ಜಾಗಗಳಲ್ಲಿ ಎದ್ದು ಕಾಣುತ್ತದೆ.

ಇದಕ್ಕೆ ಮದ್ದು, ಹೊರಗಿನ ತಂತಿಯನ್ನು ಗೇಟ್ ಹತ್ತಿರ ಬಿಡದಿರುವುದು. ಮೊದಲು ಅದನ್ನು ಒಂದು ಫ್ಲಿಪ್‌ಫ್ಲಾಪ್ ಒಳಗೆ ಕೂರಿಸಿ ಕ್ಲಾಕಿನ ತಾಳಕ್ಕೆ ಒಗ್ಗಿಸಬೇಕು. ಒಂದು ಸಾಲದು, ಎರಡು ಬೇಕು. ಬಡಿತ ಬೀಳುವ ಹೊತ್ತಿಗೇ ಸರಿಯಾಗಿ ಒಳಬರುವ ಸಿಗ್ನಲ್ ಬದಲಾದರೆ ಫ್ಲಿಪ್‌ಫ್ಲಾಪ್ ಕೆಲಹೊತ್ತು 0 ಕಡೆಗೂ ಹೋಗದೆ 1 ಕಡೆಗೂ ಹೋಗದೆ ನಡುವೆ ತೂಗಾಡಬಹುದು. ಇದು ಬರಿಯ ಊಹೆಯಲ್ಲ ಎಂದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ 1973ರ ಪ್ರಬಂಧದಲ್ಲಿ ತೋರಿಸಿದರು. ಮೊದಲ ಫ್ಲಿಪ್‌ಫ್ಲಾಪ್‌ಗೆ ಆ ತೂಗಾಟ ನಿಲ್ಲಿಸಿಕೊಳ್ಳಲು ಪೂರ್ತಿ ಒಂದು ಬಡಿತ ಬಿಡುವು ಕೊಟ್ಟು, ಎರಡನೆಯದು ಅದರ ತೀರ್ಮಾನವನ್ನು ತೆಗೆದುಕೊಳ್ಳುತ್ತದೆ. ಮೂರನೆಯದು ನಮ್ಮ ಹಳೆಯ ನೆನಪಿನ ಬಿಟ್.

```verilog
always @(posedge clk) begin
  s1   <= btn;
  s2   <= s1;
  prev <= s2;
end
assign pulse = s2 & ~prev;
```

ಈಗ ಗೇಟ್ ಹೋಲಿಸುವ ಎರಡೂ ಕ್ಲಾಕಿನ ಬಡಿತಕ್ಕೇ ಬದಲಾಗುವಂಥವು. ಪಲ್ಸ್ ಅಗಲ 20 ನ್ಯಾನೋಸೆಕೆಂಡ್, ಕುಗ್ಗುವ ಮಾತಿಲ್ಲ. ಒಂದೆರಡು ಬಡಿತ ತಡವಾಗುತ್ತದೆ. ಬೆರಳಿಗೆ ಅದರ ಅರಿವೇ ಆಗದು.

ಇನ್ನು ಒಂದಕ್ಕೆ ಮೂರು ಎಣಿಸುವ ರೋಗ. ಇದರಲ್ಲಿ ಸರ್ಕ್ಯೂಟಿನ ತಪ್ಪೇನೂ ಇಲ್ಲ. ಬಟನ್ ಒಳಗಿನ ಲೋಹದ ಪಟ್ಟಿ ಕೂಡುವಾಗ ಪುಟಿಯುತ್ತದೆ, ಕೂಡಿ ಬಿಟ್ಟು ಕೂಡಿ ಬಿಟ್ಟು ಕೆಲವು ಮಿಲಿಸೆಕೆಂಡಿನ ನಂತರ ನಿಲ್ಲುತ್ತದೆ. 20 ನ್ಯಾನೋಸೆಕೆಂಡಿಗೊಮ್ಮೆ ನೋಡುವ ನಮ್ಮ ಗೇಟ್‌ಗೆ ಆ ಪ್ರತಿಯೊಂದು ಪುಟಿತವೂ ನಿಜವಾದ ಒತ್ತುವಿಕೆಯೇ. ಆದ್ದರಿಂದ ಬಟನ್ ಅನ್ನು ಅಷ್ಟು ಬೇಗ ಬೇಗ ನೋಡಬಾರದು. ಪುಟಿತ ಮುಗಿಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಂತರದಲ್ಲಿ, 10 ಮಿಲಿಸೆಕೆಂಡಿಗೊಮ್ಮೆ ನೋಡಿದರೆ ಪುಟಿತದ ನಡುವೆ ಬೀಳುವ ನೋಟ ಹೆಚ್ಚೆಂದರೆ ಒಂದು. ಅದು 0 ಕಂಡರೂ ಸರಿ, 1 ಕಂಡರೂ ಸರಿ, ಮುಂದಿನ ನೋಟದ ಹೊತ್ತಿಗೆ ಎಲ್ಲ ಶಾಂತವಾಗಿರುತ್ತದೆ. 19 ಬಿಟ್‌ನ ಇನ್ನೊಂದು ಕೌಂಟರನ್ನು ತನ್ನ ಪಾಡಿಗೆ ತಿರುಗಲು ಬಿಟ್ಟರೆ ಅದು 5,24,288 ಬಡಿತಕ್ಕೊಮ್ಮೆ, ಅಂದರೆ ಸುಮಾರು 10.5 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಬರುತ್ತದೆ. ಸೊನ್ನೆ ಬಂದಾಗಲೆಲ್ಲ `s2` ಹೊಸದನ್ನು ತೆಗೆದುಕೊಳ್ಳಲಿ.

ಇಲ್ಲೊಂದು ಹಳ್ಳವಿದೆ, ಜಾಣರೂ ಬೀಳುತ್ತಾರೆ. `s2` ನಿಧಾನವಾದ ಮೇಲೆ `prev` ಅನ್ನೂ ಅದೇ ನಿಧಾನದಲ್ಲಿ ನಡೆಸೋಣ ಎಂದು ತೋರುತ್ತದೆ. ಹಾಗೆ ಮಾಡಿದರೆ `prev` ಹಳೆಯ 0 ಅನ್ನು 10 ಮಿಲಿಸೆಕೆಂಡ್ ಬಿಡುವುದಿಲ್ಲ, ಪಲ್ಸ್ 5 ಲಕ್ಷ ಬಡಿತದಷ್ಟು ಉದ್ದವಾಗುತ್ತದೆ, ಆ 5,24,288 ಎಣಿಕೆ 256ರ ಪೂರ್ಣ ಗುಣಕವಾದ್ದರಿಂದ ದೀಪಗಳು ಸುತ್ತಿ ಸುತ್ತಿ ಮತ್ತೆ ಹಳೆಯ ಸಂಖ್ಯೆಯಲ್ಲೇ ನಿಲ್ಲುತ್ತವೆ. ನೋಡುವುದು ನಿಧಾನವಾಗಿರಲಿ, ನೆನಪು ಮಾತ್ರ ಪ್ರತಿ ಬಡಿತಕ್ಕೂ ಹೊಸದಾಗುತ್ತಿರಲೇಬೇಕು.

ಕೊನೆಯದೊಂದು ಸಣ್ಣ ಸಂಗತಿ. ಹಲವು ಬೋರ್ಡ್‌ಗಳಲ್ಲಿ ಬಟನ್ ಮುಟ್ಟದಿದ್ದಾಗ 1, ಒತ್ತಿದಾಗ 0 ಬರುತ್ತದೆ. ಅದನ್ನು ತಲೆಕೆಳಗು ಮಾಡದೆ ಹಾಗೆಯೇ ಕೊಟ್ಟು, ಎಲ್ಲ ರಿಜಿಸ್ಟರುಗಳನ್ನೂ 0ಯಿಂದ ಶುರು ಮಾಡಿದರೆ, ಕರೆಂಟ್ ಬಂದೊಡನೆ ‘ಆಗ 0, ಈಗ 1’ ಎಂದು ಗೇಟ್ ಒಂದು ಸುಳ್ಳು ಪಲ್ಸ್ ಕೊಡುತ್ತದೆ. ಯಾರೂ ಮುಟ್ಟದೆಯೇ ಎಣಿಕೆ 1 ಆಗಿರುತ್ತದೆ. ಬಾಗಿಲಲ್ಲೇ `~btn` ಎಂದು ತಿರುಗಿಸಿಕೊಂಡರೆ ಈ ತೊಂದರೆಯಿಲ್ಲ.

ಕೆಲಸ ಮುಗಿಯಿತು ಎಂದವರಿಗೆ ನಾನು ಹೇಳುವುದು ಒಂದೇ: ಬೋರ್ಡನ್ನು ಆರಿಸಿ ಮತ್ತೆ ಹಚ್ಚಿ, ಗಟ್ಟಿಯಾಗಿ ಎಣಿಸುತ್ತ ನೂರು ಸಲ ಒತ್ತಿ. ಸರ್ಕ್ಯೂಟ್ ಸರಿಯಿದ್ದರೆ ಬಲಗಡೆಯಿಂದ ಮೂರನೆಯ, ಆರನೆಯ ಮತ್ತು ಏಳನೆಯ ದೀಪ ಮಾತ್ರ ಹತ್ತಿರಬೇಕು.