ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು

ಸುಮಾರು 3500 ಮೀಟರ್ ಎತ್ತರದಲ್ಲಿರುವ ಲೇಹ್‌ನ ಗಾಳಿಯಲ್ಲೂ ಆಮ್ಲಜನಕದ ಪಾಲು ಬಯಲುಸೀಮೆಯಲ್ಲಿರುವಷ್ಟೇ, ಶೇ. 21. ಅಲ್ಲಿ ಕಡಿಮೆಯಾಗಿರುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಲೇಹ್‌ನಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ದಾಟುವುದು ಈ ಒತ್ತಡದ ಬಲದಿಂದಲೇ ಆದ್ದರಿಂದ, ಪ್ರತಿ ಉಸಿರಿನಲ್ಲೂ ದೇಹಕ್ಕೆ ಸಿಗುವುದು ಕಡಿಮೆ. ಹಲವು ದಿನ ನಡೆದು ಹತ್ತಿದವರ ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ದೆಹಲಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಬಂದಿಳಿದವರಿಗೆ ಆ ಸಮಯ ಸಿಕ್ಕಿರುವುದಿಲ್ಲ. 1962ರ ಯುದ್ಧದ ಹೊತ್ತಿಗೆ ಹೀಗೆ ದಿಢೀರನೆ ಎತ್ತರಕ್ಕೆ ಸಾಗಿಸಲ್ಪಟ್ಟ ಭಾರತೀಯ ಸೈನಿಕರಲ್ಲಿ ಈ ಕಾಯಿಲೆಗಳು ದೊಡ್ಡ ಪ್ರಮಾಣದಲ್ಲಿ ಕಂಡವು. ಅವರನ್ನು ಪರೀಕ್ಷಿಸಿದ ಸೇನಾ ವೈದ್ಯರ ಬರಹಗಳು ಇಂದಿಗೂ ಈ ವಿಷಯದ ಮೂಲ ಆಕರಗಳು.

ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಪರ್ವತ ಕಾಯಿಲೆ. ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ಜತೆಗೆ ವಾಕರಿಕೆ, ಸುಸ್ತು, ತಲೆಸುತ್ತು. ಆಮ್ಲಜನಕ ಕಡಿಮೆಯಾದಾಗ ಮಿದುಳಿನ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತವನ್ನು ಬರಮಾಡಿಕೊಳ್ಳುತ್ತವೆ. ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಒಳಗಿನ ಒತ್ತಡ ಏರುತ್ತದೆ, ನಾಳಗಳ ಸುತ್ತಲಿನ ನೋವಿನ ನರಗಳು ಕೆರಳುತ್ತವೆ ಎಂಬುದು ಈಗಿರುವ ಪ್ರಬಲ ವಿವರಣೆ. ಅದೇ ಎತ್ತರದಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಏಕೆ ಬರುವುದಿಲ್ಲ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಾಯಿಲೆ ಬಲಿತರೆ ಮಿದುಳಿನಲ್ಲಿ ನೀರು ತುಂಬಿ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ.

ಶ್ವಾಸಕೋಶದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಅಲ್ಲಿನ ರಕ್ತನಾಳಗಳು ಆಮ್ಲಜನಕ ಕಡಿಮೆಯಾದರೆ ಹಿಗ್ಗುವುದಿಲ್ಲ, ಕುಗ್ಗುತ್ತವೆ. ಬಯಲಿನಲ್ಲಿ ಇದು ಒಳ್ಳೆಯ ಏರ್ಪಾಡು. ಕಫ ಕಟ್ಟಿ ಗಾಳಿಯಾಡದ ಭಾಗಕ್ಕೆ ಹೋಗುವ ರಕ್ತವನ್ನು ತಡೆದು, ಗಾಳಿಯಾಡುವ ಭಾಗದತ್ತ ಅದು ತಿರುಗಿಸುತ್ತದೆ. ಆದರೆ ಎತ್ತರದಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕದ ಕೊರತೆ. ನಾಳಗಳು ಎಲ್ಲೆಡೆ ಕುಗ್ಗುತ್ತವೆ, ಅದೂ ಸಮನಾಗಿ ಅಲ್ಲ. ಹೆಚ್ಚು ಕುಗ್ಗದ ಕೆಲವೇ ನಾಳಗಳತ್ತ ರಕ್ತವೆಲ್ಲ ನುಗ್ಗುತ್ತದೆ, ತೋಟದ ಕಾಲುವೆಗಳಲ್ಲಿ ಹೆಚ್ಚಿನವನ್ನು ಮುಚ್ಚಿದಾಗ ತೆರೆದ ಒಂದೆರಡರಲ್ಲಿ ನೀರು ಉಕ್ಕಿ ಬದು ಒಡೆಯುವಂತೆ. ಅಲ್ಲಿನ ಲೋಮನಾಳಗಳ ಗೋಡೆ ತೀರಾ ತೆಳು. ಒತ್ತಡ ತಾಳದೆ ಅವು ಸೋರುತ್ತವೆ, ಪ್ರೋಟೀನು ಮತ್ತು ಕೆಂಪು ರಕ್ತಕಣಗಳಿರುವ ದ್ರವ ಗಾಳಿಗೂಡುಗಳಿಗೆ ಇಳಿಯುತ್ತದೆ. ಸೈನಿಕರೂ ಚಾರಣಿಗರೂ ಹೇಪ್ ಎಂದು ಕರೆಯುವ ಕಾಯಿಲೆ ಇದೇ. ಹೃದಯ ಸೋತು ಬರುವ ನೀರುತುಂಬುವಿಕೆ ಇದಲ್ಲ, ಸೋಂಕೂ ಇದಕ್ಕೆ ಮೂಲವಲ್ಲ. ಇದನ್ನು ನ್ಯುಮೋನಿಯಾ ಎಂದು ತಿಳಿದು ಆಂಟಿಬಯಾಟಿಕ್ ಕೊಟ್ಟು ಕಾಯುವುದು ಪ್ರಾಣಕ್ಕೇ ಕುತ್ತು ತರುವ ತಪ್ಪು.

ಲೇಹ್ ತಲುಪಿದ ಮರುದಿನವೇ 4250 ಮೀಟರಿನ ಪ್ಯಾಂಗಾಂಗ್ ಸರೋವರಕ್ಕೆ ಹೋಗಿ ರಾತ್ರಿ ತಂಗುವ ಪ್ರವಾಸಿಯನ್ನು ನೆನೆಯಬಹುದು. ಹಗಲು ಒಣಕೆಮ್ಮು ಮತ್ತು ದಣಿವು. ಜತೆಯವರಿಗಿಂತ ಅವನು ಹೆಚ್ಚು ಹಿಂದೆ ಬೀಳುತ್ತಾನೆ. ಹೇಪ್ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ, ಬಹುಪಾಲು ರಾತ್ರಿ ಬಲಿಯುತ್ತದೆ. ಬೆಳಗಿನ ಜಾವ ಅವನಿಗೆ ಮಲಗಲಾಗದು, ಕೂತಲ್ಲೇ ಏದುಸಿರು. ತುಟಿ ನೀಲಿಗಟ್ಟಿದೆ, ಎದೆಯಲ್ಲಿ ಗೊರಗೊರ ಸದ್ದು, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಸುಮ್ಮನೆ ಕೂತಾಗಲೂ ಏದುಸಿರು ಇದ್ದರೆ ಬೇರೆ ಪುರಾವೆಗೆ ಕಾಯಬೇಕಿಲ್ಲ. ತಲೆನೋವು ಇಲ್ಲವೆಂದು ನೆಮ್ಮದಿಪಡುವುದೂ ಸಲ್ಲ, ಪರ್ವತ ಕಾಯಿಲೆಯ ಸುಳಿವೇ ಇಲ್ಲದೆ ಹೇಪ್ ಬರಬಹುದು.

ಈತನನ್ನು ಸಾವಿರ ಮೀಟರ್ ಕೆಳಗಿಳಿಸಿದರೆ ಗಾಳಿಯ ಒತ್ತಡ ಏರುತ್ತದೆ, ಗಾಳಿಗೂಡುಗಳಲ್ಲಿ ಆಮ್ಲಜನಕ ಹೆಚ್ಚುತ್ತದೆ. ಕುಗ್ಗಿದ ನಾಳಗಳು ಸಡಿಲಗೊಂಡು, ನಾಲ್ಕಾರು ನಾಳಗಳ ಮೇಲೆ ಬಿದ್ದಿದ್ದ ಹೊರೆ ಹಂಚಿಹೋಗಿ ಸೋರಿಕೆ ನಿಲ್ಲುತ್ತದೆ. ಆಗಲೇ ತುಂಬಿರುವ ದ್ರವವನ್ನು ಗಾಳಿಗೂಡುಗಳ ಒಳಪದರ ಹೀರಿಕೊಳ್ಳುವುದಕ್ಕೆ ಒಂದೆರಡು ದಿನ ಹಿಡಿಯಬಹುದು. ಮಿದುಳಿನ ಕಡೆ ಅದೇ ಆಮ್ಲಜನಕ ಹಿಗ್ಗಿದ ನಾಳಗಳನ್ನು ಹಿಂದಿನ ಅಳತೆಗೆ ತರುತ್ತದೆ, ತಲೆನೋವು ಇಳಿಯುತ್ತದೆ. ಲಕ್ಷಣ ಎರಡಾದರೂ ಬೇರು ಒಂದೇ ಆದ್ದರಿಂದ ಇಳಿಯುವುದರಿಂದ ಎರಡೂ ವಾಸಿಯಾಗುತ್ತವೆ. ಕೆಲವೇ ನೂರು ಮೀಟರ್ ಇಳಿದರೂ ಗುಣ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಅಷ್ಟು ಕಡಿಮೆ ಮಟ್ಟದಲ್ಲಿ ಆಮ್ಲಜನಕದ ಒತ್ತಡ ತುಸು ಏರಿದರೂ ಹಿಮೋಗ್ಲೋಬಿನ್ ಹೊರುವ ಆಮ್ಲಜನಕ ಗಣನೀಯವಾಗಿ ಹೆಚ್ಚುತ್ತದೆ.

ಇಳಿಸುವಾಗ ರೋಗಿಯನ್ನು ನಡೆಸಬಾರದು, ಹೊರಬೇಕು ಇಲ್ಲವೇ ವಾಹನದಲ್ಲಿ ಒಯ್ಯಬೇಕು. ದಣಿವು ಮತ್ತು ಚಳಿ ಎರಡೂ ಶ್ವಾಸಕೋಶದ ರಕ್ತದೊತ್ತಡವನ್ನು ಏರಿಸುತ್ತವೆ. ಸಿಲಿಂಡರಿನ ಆಮ್ಲಜನಕ ಮತ್ತು ಆ ನಾಳಗಳನ್ನು ಸಡಿಲಿಸುವ ನಿಫೆಡಿಪಿನ್ ಮಾತ್ರೆ ಸಮಯ ಒದಗಿಸುತ್ತವೆ, ಆದರೆ ಇಳಿಯುವ ಅವಕಾಶವಿರುವಾಗ ಅದಕ್ಕೆ ಬದಲಿಯಲ್ಲ. ಪ್ಯಾಂಗಾಂಗ್‌ನಲ್ಲಿ ಇನ್ನೊಂದು ತೊಡಕಿದೆ. ಲೇಹ್ ಕೆಳಗಿದ್ದರೂ ಅಲ್ಲಿಗೆ ಹೋಗುವ ರೂಢಿಯ ದಾರಿ 5300 ಮೀಟರಿಗೂ ಎತ್ತರದ ಚಾಂಗ್ ಲಾ ಕಣಿವೆಯನ್ನು ಹತ್ತಿ ಇಳಿಯುತ್ತದೆ. ಹಾಗೆ ಸಾಗಲೇಬೇಕಾದರೆ ಹೊರಡುವ ಮುನ್ನವೇ ಆಮ್ಲಜನಕ ಹಚ್ಚಿ, ಕಣಿವೆ ದಾಟಿ ಸಾಕಷ್ಟು ಕೆಳಗಿಳಿಯುವವರೆಗೂ ತೆಗೆಯದೆ ಒಯ್ಯಬೇಕಾಗುತ್ತದೆ.